ಸಹಾಯ ಬೇಕು: ಸಮೀಕ್ಷೆ ಮತ್ತು ಸಂದರ್ಶನಗಳನ್ನು ಜೋಡಿಸುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಗರ್ಭಿಣಿಯರು ಕಬ್ಬಿಣಾಂಶದ ಮಾತ್ರೆಗಳನ್ನು ಅರ್ಧಕ್ಕೆ ನಿಲ್ಲಿಸುವ ಕುರಿತ ನನ್ನ ಪಿಎಚ್‌.ಡಿ. ಅಧ್ಯಯನದ ಸಮೀಕ್ಷೆ ಮುಗಿದಿದೆ. ಆರೋಗ್ಯ ಕೇಂದ್ರದ ದೂರಕ್ಕೂ ಮಾತ್ರೆ ಬಿಡುವುದಕ್ಕೂ ಸಂಬಂಧ ಕಾಣಲಿಲ್ಲ. ಅತ್ತೆಯೊಂದಿಗೆ ವಾಸಿಸುವವರಲ್ಲಿ ಮಾತ್ರ ಬಿಡುವ ಪ್ರಮಾಣ ಹೆಚ್ಚಿತ್ತು. ಸಮಯ ಉಳಿಸಲು ಸಮಾಂತರ ವಿನ್ಯಾಸಕ್ಕೆ ಬದಲಾಯಿಸಿ ಎಂದು ಮಾರ್ಗದರ್ಶಕರು ಸೂಚಿಸಿದ್ದಾರೆ. ಆದರೆ ಅಲ್ಲಿ ಸಮೀಕ್ಷೆ, ಸಂದರ್ಶನ ಎರಡೂ ಬಗೆಯ ದತ್ತಾಂಶವನ್ನು ಒಂದೇ ಅವಧಿಯಲ್ಲಿ, ಒಂದೇ ಪರಿಕಲ್ಪನೆಗಳ ಮೇಲೆ ಸಂಗ್ರಹಿಸಿ ಹೋಲಿಸಬೇಕಾಗುತ್ತದೆ; ನನಗೆ ಬೇಕಿರುವುದು ಈಗಾಗಲೇ ಕಂಡ ಫಲಿತಾಂಶದ ಕಾರಣವಾದ್ದರಿಂದ ಮೊದಲು ಸಮೀಕ್ಷೆ, ನಂತರ ಅದರ ಫಲಿತಾಂಶವನ್ನು ವಿವರಿಸಲು ಸಂದರ್ಶನ ಮಾಡುವ ವಿವರಣಾತ್ಮಕ ಅನುಕ್ರಮ ವಿನ್ಯಾಸವೇ ಸರಿಯೆಂದು ನಂಬಿದ್ದೇನೆ.

ಜೋಡಣೆ ಸಂದರ್ಶಿತರ ಆಯ್ಕೆಯಲ್ಲೇ ಆರಂಭವಾಗಬೇಕೆಂದು, ಅತ್ತೆಯೊಂದಿಗಿದ್ದು ಮಾತ್ರೆ ಬಿಟ್ಟವರ ಜೊತೆಗೆ, ಹಾಗೆಯೇ ಇದ್ದೂ ಪೂರ್ತಿ ಸೇವಿಸಿದವರನ್ನೂ ಸಮೀಕ್ಷೆಯ ಪಟ್ಟಿಯಿಂದಲೇ ಆರಿಸುತ್ತಿದ್ದೇನೆ. ಸಂದರ್ಶನಕ್ಕೆ ಒಪ್ಪಿಗೆಯನ್ನು ಮೊದಲೇ ಪಡೆದಿದ್ದೇನೆ.

ನನ್ನ ತೊಡಕು ಮುಂದಿನದು. ಒಂದು ಅಂಕಣದಲ್ಲಿ ಸಂಖ್ಯಾ ಫಲಿತಾಂಶ, ಪಕ್ಕದಲ್ಲಿ ಸಂದರ್ಶನದ ಮಾತು, ಮೂರನೆಯದರಲ್ಲಿ ಎರಡರಿಂದ ಹೊರಡುವ ನಿರ್ಣಯ ಇರುವ ಸಂಯುಕ್ತ ಕೋಷ್ಟಕ ಮಾಡಹೊರಟರೆ, ಮೂರನೆಯ ಅಂಕಣ ಮೊದಲೆರಡರ ಪುನರುಕ್ತಿಯಾಗುತ್ತಿದೆ. ಪ್ರಾಯೋಗಿಕ ಸಂದರ್ಶನವೊಂದರಲ್ಲಿ, ಮಾತ್ರೆ ನಿಲ್ಲಿಸಿದ್ದು ಹೊಟ್ಟೆ ತೊಳೆಸಿದ್ದಕ್ಕೆ, ಅತ್ತೆಯ ಮಾತಿಗಲ್ಲ ಎಂದು ಒಬ್ಬರು ಹೇಳಿದರು. ಇಂಥ ಭಿನ್ನತೆಯನ್ನು ಆ ಅಂಕಣದಲ್ಲಿ ಹೇಗೆ ಬರೆಯಬೇಕು, ಅದಕ್ಕಾಗಿ ಸಮೀಕ್ಷೆಯ ದತ್ತಾಂಶವನ್ನು ಮತ್ತೆ ವಿಶ್ಲೇಷಿಸಬಹುದೇ ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಿ.