ಹೊಸ ಮಕ್ಕಳಿಗೆ ಮಲ್ಲಕಂಬ ಮತ್ತು ಹಗ್ಗ: ಮೊದಲು ಇಳಿಯುವುದು, ಆಮೇಲೆ ಏರುವುದು

ಕೇಳಿದವರು: ಹಾವೇರಿ ಜಿಲ್ಲೆಯ ದೈಹಿಕ ಶಿಕ್ಷಕರು

ನಮ್ಮ ಶಾಲೆಯ ಅಂಗಳದಲ್ಲಿ ಊರವರು ಒಂದು ಮಲ್ಲಕಂಬ ನೆಡಿಸಿಕೊಟ್ಟಿದ್ದಾರೆ. ಹಗ್ಗ ಕಟ್ಟಲು ಗಟ್ಟಿ ತೊಲೆಯೂ ಇದೆ. 9ರಿಂದ 13 ವರ್ಷದ ಹದಿನೆಂಟು ಮಕ್ಕಳು ಬರುತ್ತಾರೆ, ಅವರಲ್ಲಿ ಏಳು ಹುಡುಗಿಯರು. ನಾನು ಕಬಡ್ಡಿ, ವಾಲಿಬಾಲ್ ಆಡಿ ಬೆಳೆದವನು. ನನ್ನ ಬಳಿ ಇರುವುದು ಎರಡು ಹಳೆಯ ಮ್ಯಾಟು. ಯಾವ ಕ್ರಮದಲ್ಲಿ ಕಲಿಸಲಿ? ಮ್ಯಾಟು ಹೇಗೆ ಹಾಸಲಿ? ಆಸರೆಗೆ ಯಾರು ಎಲ್ಲಿ ನಿಲ್ಲಬೇಕು?

ಲಕ್ಷ್ಮೇಶ್ವರದ ಹಿರಿಯ ತರಬೇತುದಾರರು

ಮಾಸ್ತರರೇ, ಮಕ್ಕಳಿಗಿಂತ ಮೊದಲು ಕಂಬವನ್ನು ಪರೀಕ್ಷಿಸಿರಿ. ನಮ್ಮ ಕಡೆಯದು ಎರೆಮಣ್ಣು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಈ ನೆಲದಲ್ಲಿ, ಶ್ರಾವಣದಲ್ಲಿ ಬಿಗಿಯಾಗಿ ನಿಂತಿದ್ದ ಕಂಬ ಯುಗಾದಿಯ ಹೊತ್ತಿಗೆ ಅಲುಗಾಡತೊಡಗುತ್ತದೆ. ಇಬ್ಬರು ದೊಡ್ಡವರು ಕಂಬವನ್ನು ಎದೆಯ ಎತ್ತರದಲ್ಲಿ ಹಿಡಿದು ಹಿಂದಕ್ಕೂ ಮುಂದಕ್ಕೂ ದೂಡಲಿ, ಮೂರನೆಯವರು ಬುಡದಲ್ಲಿ ಕುಳಿತು ನೋಡಲಿ. ಕಂಬಕ್ಕೂ ನೆಲಕ್ಕೂ ನಡುವೆ ಸಂದು ತೆರೆದು ಮುಚ್ಚುವುದು ಕಂಡರೆ ಅಂದು ಯಾರೂ ಏರಬಾರದು. ಎರೆಮಣ್ಣನ್ನು ಅಗೆದು ತೆಗೆದು, ಸುತ್ತ ಗರಸು ತುಂಬಿ, ಬುಡಕ್ಕೆ ಕಾಂಕ್ರೀಟು ಹಾಕಿಸದೆ ಆ ಕಂಬ ನಿಲ್ಲುವುದಿಲ್ಲ.

ಮೊದಲ ಎರಡು ವಾರ ಕಂಬವನ್ನು ಮುಟ್ಟಿಸಬೇಡಿರಿ. ಗಲ್ಲವನ್ನು ಎದೆಗೆ ಒತ್ತಿ ಮುಂದಕ್ಕೆ ಉರುಳುವುದು, ಬೆನ್ನನ್ನು ದುಂಡಗೆ ಮಾಡಿ ಹಿಂದಕ್ಕೆ ಉರುಳುವುದು, ಮೊಣಕಾಲೆತ್ತರದ ಬೆಂಚಿನಿಂದ ಜಿಗಿದು ಮಂಡಿ ಬಾಗಿಸಿ ನಿಲ್ಲುವುದು, ಇಷ್ಟೇ ಸಾಕು. ನಂತರ ಕಂಬವನ್ನು ತಬ್ಬಿ, ಎರಡೂ ಅಂಗಾಲು ಮತ್ತು ತೊಡೆಗಳಿಂದ ಒತ್ತಿ, ಒಂದು ಮೊಳ ಏರಿ ಇಳಿಯಲಿ. ಸಪ್ಪಳವಾಗದಂತೆ ಮೂರು ಸಲ ಇಳಿದು ತೋರಿಸಿದ ಎತ್ತರಕ್ಕಿಂತ ಮೇಲೆ ಮಗು ಹೋಗಬಾರದು ಎಂಬುದು ನನ್ನ ನಿಯಮ. ಧಪ್ಪೆಂಬ ಶಬ್ದ ಕೇಳಿಸಿತೆಂದರೆ ತೊಡೆಯ ಹಿಡಿತ ಬಿಟ್ಟುಹೋಗಿದೆ ಎಂದು ತಿಳಿಯಿರಿ; ಅದನ್ನು ನೋಡಲು ತಿರುಗಿ ನಿಲ್ಲುವ ಅಗತ್ಯವೂ ಇಲ್ಲ.

ನಿಜವಾದ ಅಪಾಯ ಶುರುವಾಗುವುದು ಅಢಿಯಲ್ಲಿ, ಅಂದರೆ ಕಾಲುಗಳನ್ನು ಮೇಲೆತ್ತಿ ಕಂಬಕ್ಕೆ ಬಿಗಿದು ತಲೆಕೆಳಗಾಗುವಲ್ಲಿ. ಅದನ್ನು ನಾನು ಮಲಗಿಸಿ ಕಲಿಸುತ್ತೇನೆ. ಮಗು ಮ್ಯಾಟಿನ ಮೇಲೆ ಅಂಗಾತ ಮಲಗಿ, ಸೊಂಟವನ್ನು ಬುಡದ ಹತ್ತಿರ ತಂದು, ಕಾಲುಗಳನ್ನು ಕಂಬದ ಎರಡೂ ಬದಿಗೆ ಮೇಲಕ್ಕೆ ಚಾಚಿ, ತೊಡೆಯಿಂದ ಕಂಬವನ್ನು ಒತ್ತಿ ಸೊಂಟವನ್ನು ನೆಲದಿಂದ ಎತ್ತಬೇಕು. ಹತ್ತು ಎಣಿಸುವವರೆಗೆ ಎತ್ತಿ ಹಿಡಿಯಲಾಗದ ಮಗು ನಿಂತು ಅಢಿ ಹಾಕಲು ಸಿದ್ಧವಾಗಿಲ್ಲ. ಸಿದ್ಧವಾದ ಮೇಲೂ, ಕೈಗಳು ಮ್ಯಾಟನ್ನು ಮುಟ್ಟುವಷ್ಟು ಕೆಳಗೇ ಹಾಕಿಸಿರಿ. ಬಂದ ದಾರಿಯಲ್ಲೇ ಕಂಬ ಹಿಡಿದು ಕಾಲು ಇಳಿಸುವುದು ಒಂದು ಇಳಿತ, ಕೈಗಳನ್ನು ಮ್ಯಾಟಿಗೆ ಊರಿ ಉರುಳಿಕೊಂಡು ಬರುವುದು ಇನ್ನೊಂದು. ಎರಡೂ ಬಂದ ನಂತರವೇ ಎತ್ತರದ ಮಾತು.

ಹುಬ್ಬಳ್ಳಿಯ ಹಳೆಯ ಆಟಗಾರರು

ಹಿರಿಯರು ಬಹಳ ನಿಧಾನ ಮಾಡಿಸುತ್ತಾರೆ ಎಂದು ನನಗನಿಸುತ್ತದೆ. ಮ್ಯಾಟು ದಪ್ಪಗಿದ್ದರೆ ಅರ್ಧ ಭಯ ಹೋಗುತ್ತದೆ. ಗಾದಿ ಅಂಗಡಿಯಿಂದ ಒಂದು ಅಡಿ ದಪ್ಪದ ಸ್ಪಂಜು ತಂದು ಸುತ್ತಲೂ ಹಾಸಿರಿ. ಹಗ್ಗಕ್ಕೆ ನೈಲಾನ್ ತೆಗೆದುಕೊಳ್ಳಿರಿ. ಹತ್ತಿಯದಕ್ಕಿಂತ ಗಟ್ಟಿ, ಮಳೆಗೂ ಕೊಳೆಯುವುದಿಲ್ಲ.

ಗದಗಿನ ಶಾಲಾ ಶಿಕ್ಷಕಿ

ಅಣ್ಣಾರೇ, ದಪ್ಪ ಸ್ಪಂಜನ್ನು ನಂಬಿ ನಾನು ಒಮ್ಮೆ ಪಾಠ ಕಲಿತಿದ್ದೇನೆ, ಆದ್ದರಿಂದ ವಿವರವಾಗಿ ಬರೆಯುತ್ತೇನೆ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ಕಂಬದ ಎರಡು ಬದಿಗೆ ಎರಡು ದಪ್ಪ ಗಾದಿ ಹಾಕಿದ್ದೆವು. ಕಂಬ ದುಂಡಗೆ, ಗಾದಿಯ ಅಂಚು ನೇರ. ಹಾಗಾಗಿ ಬುಡದಲ್ಲಿ ನಾಲ್ಕು ಬೆರಳಿನಷ್ಟು ಸಂದು ಉಳಿದಿತ್ತು. ಹನ್ನೊಂದು ವರ್ಷದ ಹುಡುಗನೊಬ್ಬ ಸಂಜೆಯ ಹೊತ್ತು, ಆಗಲೇ ಆರು ಸಲ ಮಾಡಿ ದಣಿದವನು, ನನ್ನ ಭುಜದೆತ್ತರದಲ್ಲಿ ಅಢಿ ಹಾಕಿದ. ಆಸರೆಗೆ ನಿಂತಿದ್ದವರು ಕಂಬದ ಆಚೆ ಬದಿಯಲ್ಲಿದ್ದರು, ಅಂದರೆ ಹುಡುಗನ ಬೆನ್ನಿಗೂ ಅವರಿಗೂ ನಡುವೆ ಕಂಬವಿತ್ತು. ಅವನ ಮೀನಖಂಡ ನಡುಗಿತು, ಕಾಲ್ಬೆರಳು ಬಿಚ್ಚಿಕೊಂಡವು, ತೊಡೆ ಮೊದಲು ಇಂಚಿಂಚಾಗಿ ಜಾರಿ ಆಮೇಲೆ ಒಮ್ಮೆಲೇ ಬಿಟ್ಟಿತು. ಜಾರುವಾಗ ಮಗು ದೂರಕ್ಕೆ ಬೀಳುವುದಿಲ್ಲ, ಕಂಬದ ಗುಂಟವೇ ನೇರ ಕೆಳಗೆ ಬರುತ್ತದೆ. ಅವನ ತಲೆ ಸರಿಯಾಗಿ ಆ ನಾಲ್ಕು ಬೆರಳಿನ ಸಂದಿಗೇ ಬಂತು.

ಪಕ್ಕದಲ್ಲಿದ್ದ ದೊಡ್ಡ ಹುಡುಗರು ಅವನನ್ನು ಎತ್ತಿ ಕೂಡಿಸಲು ಓಡಿದರು. ಪುಣ್ಯಕ್ಕೆ ತಡೆಯಲು ಸಾಧ್ಯವಾಯಿತು. ಕುತ್ತಿಗೆ ನೋಯುತ್ತದೆ ಎಂದವನನ್ನು ಅಲುಗಾಡಿಸದೆ, ತಲೆಯನ್ನು ಎರಡೂ ಕೈಯಿಂದ ಇದ್ದಂತೆಯೇ ಹಿಡಿದು, 108 ಆಂಬುಲೆನ್ಸ್ ಬರುವವರೆಗೆ ಹಾಗೇ ಮಲಗಿಸಿದೆವು. ಎಕ್ಸ್‌ರೇಯಲ್ಲಿ ಮೂಳೆಗೆ ಏನೂ ಆಗಿರಲಿಲ್ಲ, ಆದರೆ ಆ ಇಪ್ಪತ್ತು ನಿಮಿಷ ನನಗೆ ಇನ್ನೂ ಮರೆತಿಲ್ಲ.

ಅಂದಿನಿಂದ ಮ್ಯಾಟಿಗೆ ಬುಡದ ಅಳತೆಯ ಅರ್ಧಚಂದ್ರ ಕತ್ತರಿಸಿ, ಎರಡು ತುಂಡು ಕಂಬವನ್ನು ಅಪ್ಪಿಕೊಳ್ಳುವಂತೆ ಸೇರಿಸುತ್ತೇವೆ. ಮೇಲಿನ ಪದರದ ಕೂಡು ಕೆಳಗಿನ ಪದರದ ಕೂಡಿಗೆ ಅಡ್ಡವಾಗಿ ಬರಬೇಕು, ಇಲ್ಲದಿದ್ದರೆ ಒಂದೇ ಗೆರೆಯಲ್ಲಿ ಎರಡೂ ಬಾಯಿ ತೆರೆಯುತ್ತವೆ. ಕೆಳಗೆ ಗಟ್ಟಿ ಮ್ಯಾಟು, ಮೇಲೆ ಮೆತ್ತನೆಯದು. ಮೇಲಿನದನ್ನು ಮುಷ್ಟಿಯಿಂದ ಜೋರಾಗಿ ಒತ್ತಿದರೆ ನೆಲ ಕೈಗೆ ಸಿಗಬಾರದು. ಬರೀ ಸ್ಪಂಜಿನ ಮೇಲೆ ಜಿಗಿದರೆ ಪಾದ ಹೂತು ಕಣಕಾಲು ಉಳುಕುತ್ತದೆ. ಸುತ್ತಲೂ ಎರಡು ಮೀಟರಿನಷ್ಟು ಹಾಸಿಗೆ ಇರಲಿ. ಆದರೆ ತಲೆಕೆಳಗಾಗಿ ಬಿದ್ದ ಕುತ್ತಿಗೆಯನ್ನು ಎಷ್ಟೇ ದಪ್ಪದ ಮ್ಯಾಟೂ ಕಾಯುವುದಿಲ್ಲ; ಅದು ಆಸರೆಯವರ ಕೆಲಸ.

ಲಕ್ಷ್ಮೇಶ್ವರದ ಹಿರಿಯ ತರಬೇತುದಾರರು

ಅಕ್ಕೋರು ಹೇಳಿದ್ದಕ್ಕೆ ಆಸರೆಯ ಬಗ್ಗೆ ಸೇರಿಸುತ್ತೇನೆ. ಅಢಿಗೆ ಇಬ್ಬರು ದೊಡ್ಡವರು ಬೇಕು, ಇಬ್ಬರೂ ಮಗುವಿನ ಬೆನ್ನಿನ ಕಡೆಗೆ, ಎಡಕ್ಕೊಬ್ಬರು ಬಲಕ್ಕೊಬ್ಬರು. ಒಂದು ಕೈ ಹೆಗಲೆಲುಬುಗಳ ಕೆಳಗೆ, ಇನ್ನೊಂದು ಸೊಂಟಕ್ಕೆ. ರಟ್ಟೆಯನ್ನಾಗಲಿ ಕಾಲನ್ನಾಗಲಿ ಹಿಡಿದು ಎಳೆಯಬಾರದು, ಏಕೆಂದರೆ ಎಳೆದೊಡನೆ ಮಗುವಿನ ಉಳಿದ ಹಿಡಿತವೂ ಬಿಡುತ್ತದೆ. ಜಾರಿದರೆ ಭಾರವನ್ನೆಲ್ಲ ಹೊರುವುದು ನಿಮ್ಮ ಗುರಿಯಲ್ಲ. ತಲೆಯ ಬದಲು ಬೆನ್ನು ಮ್ಯಾಟಿಗೆ ತಾಗುವಂತೆ ಹೆಗಲನ್ನು ಮೇಲೆತ್ತಿ ಕೊಡುವುದು. ನಾನು ಒಂದು ಬೆರಳನ್ನು ಮಗುವಿನ ತೊಡೆಗೆ ತಾಗುವಂತೆ ಕಂಬದ ಮೇಲೆ ಇಟ್ಟಿರುತ್ತೇನೆ. ಕಣ್ಣಿಗೆ ಕಾಣುವ ಮುಂಚೆಯೇ ಜಾರುವುದು ಆ ಬೆರಳಿಗೆ ತಿಳಿಯುತ್ತದೆ, ತಿಳಿದಾಕ್ಷಣ ಇಳಿಸುತ್ತೇನೆ. ಒಂದು ಮಗುವಿಗೆ ಒಂದು ದಿನ ನಾಲ್ಕು ಅಢಿ ಸಾಕು. ಮಕ್ಕಳನ್ನು ಮಕ್ಕಳಿಗೆ ಆಸರೆ ನಿಲ್ಲಿಸಬೇಡಿರಿ. ಕಂಬದ ಮೇಲೆ ಒಬ್ಬರೇ ಇರಲಿ, ಉಳಿದವರು ಮ್ಯಾಟಿನ ಹೊರಗೆ ಎಳೆದ ಗೆರೆಯಾಚೆ ಕುಳಿತಿರಲಿ.

ನರಗುಂದದ ಓದುಗರು

ನಮ್ಮ ಕಡೆ ಓಕುಳಿಯಲ್ಲಿ ಹಾಲಗಂಬ ಏರುವಾಗ ಮ್ಯಾಟೂ ಇಲ್ಲ, ಆಸರೆಯೂ ಇಲ್ಲ. ಕೆಳಗೆ ಕೆಸರು, ಮೇಲಿಂದ ನೀರು. ಆದರೂ ಯುವಕರು ಏರುತ್ತಾರೆ. ಇಷ್ಟೆಲ್ಲ ನಿಯಮ ಏಕೆ?

ಗದಗಿನ ಶಾಲಾ ಶಿಕ್ಷಕಿ

ಅದು ಬೇರೆ ಆಟ, ಸರ್. ಅಲ್ಲಿ ತಲೆ ಮೇಲಿರುತ್ತದೆ, ಜಾರಿದರೂ ಕಾಲಿನ ಮೇಲೆ ಬರುತ್ತಾರೆ, ಮತ್ತು ಅವರು ಒಂಬತ್ತು ವರ್ಷದವರಲ್ಲ.

ಧಾರವಾಡದಲ್ಲಿ ಹಗ್ಗ ಕಲಿಸುವವರು

ಹಗ್ಗದ ಬಗ್ಗೆ ಯಾರೂ ವಿವರವಾಗಿ ಬರೆಯಲಿಲ್ಲ. ನೈಲಾನ್ ಗಟ್ಟಿ ಎಂಬುದು ನಿಜ, ಆದರೆ ಬೆವರಿದ ಕೈಗೆ ಜಾರುತ್ತದೆ, ಜಾರಿದಾಗ ಚರ್ಮ ಸುಡುತ್ತದೆ. ಹತ್ತಿಯ ಹಗ್ಗವೇ ಬೇಕು. ಸ್ಪರ್ಧೆಯದು ಸುಮಾರು 5.5 ಮೀಟರ್ ಉದ್ದ, ಬೆರಳಿನಷ್ಟು ದಪ್ಪ. ಪ್ರತಿದಿನ ಹಗ್ಗವನ್ನು ಮೇಲಿನಿಂದ ಕೆಳಗಿನವರೆಗೆ ಕೈಯಲ್ಲಿ ಸವರಿ, ಎಳೆ ಕಿತ್ತ ಜಾಗ ಹುಡುಕಿರಿ. ಹೆಚ್ಚು ಸವೆಯುವುದು ತೊಲೆಗೆ ಕಟ್ಟಿದ ಕಡೆಯೇ, ಅದು ಕೆಳಗಿನಿಂದ ಕಾಣುವುದಿಲ್ಲ, ಏಣಿ ಹಾಕಲೇಬೇಕು.

ಮೊದಲ ಪಾಠ ನೆಲದ ಮೇಲೆ. ಕಾಲಿನ ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವೆ ಹಗ್ಗ ಹಿಡಿಯುವುದನ್ನು ಕುಳಿತೇ ಕಲಿಯಲಿ. ಆಮೇಲೆ ಪಾದ ಮ್ಯಾಟಿನಿಂದ ಒಂದು ಅಡಿ ಮಾತ್ರ ಮೇಲೇಳುವಂತೆ ಜೋತು ಐದು ಎಣಿಸಲಿ. ಏರಿದ ಮೇಲೆ ಇಳಿಯುವುದು ಕೈಕೆಳಗೆ ಕೈ ಇಡುತ್ತಲೇ ಆಗಬೇಕು. ಸರ್ರನೆ ಜಾರಿ ಬಂದ ಮಗುವಿನ ಪಾದದ ಮೇಲೆ ಕೆಂಪು ಗೆರೆ ಎದ್ದಿರುತ್ತದೆ, ಆ ಗೆರೆ ಕಂಡರೆ ಎತ್ತರವನ್ನು ಅರ್ಧಕ್ಕೆ ಇಳಿಸಿರಿ. ಸೊಂಟಕ್ಕೆ ಸುತ್ತುವುದನ್ನು ಕಲಿಸುವ ಮುನ್ನ ಅದೇ ಸುತ್ತನ್ನು ನೆಲದ ಮೇಲೆ ನಿಂತು, ಕಣ್ಣು ಮುಚ್ಚಿ ಬಿಚ್ಚಲು ಬರಬೇಕು. ಕುತ್ತಿಗೆಗೆ ಹಗ್ಗ ತಾಗುವ ಯಾವ ಭಂಗಿಯನ್ನೂ ಹೊಸಬರಿಗೆ ತೋರಿಸಲೂ ಬೇಡಿರಿ, ತೋರಿಸಿದರೆ ನೀವಿಲ್ಲದಾಗ ಮಾಡುತ್ತಾರೆ. ತರಗತಿ ಮುಗಿದೊಡನೆ ಹಗ್ಗವನ್ನು ಮೇಲಕ್ಕೆ ಎತ್ತಿ ಕಟ್ಟಿರಿ.

ಕೆಳಗೆ ತುದಿ ಹಿಡಿದು ಬಿಗಿ ಮಾಡುವವರು ಮಗುವಿನ ನೇರ ಕೆಳಗೆ ನಿಲ್ಲದೆ ಪಕ್ಕಕ್ಕಿರಲಿ, ತುದಿಯನ್ನು ಕೈಗೆ ಸುತ್ತಿಕೊಳ್ಳದಿರಲಿ. ಹಗ್ಗ ತೂಗುವುದರಿಂದ ಇದರ ಹಾಸಿಗೆ ಕಂಬದ್ದಕ್ಕಿಂತ ಅಗಲವಿರಬೇಕು. ಹುಡುಗರ ಉಡದಾರ, ಹುಡುಗಿಯರ ಕಾಲ್ಗೆಜ್ಜೆ, ಕೊರಳ ದಾರ ಎಲ್ಲವನ್ನೂ ಬಿಚ್ಚಿಸಿರಿ. ಉಡದಾರಕ್ಕೆ ಮನೆಯವರು ಒಪ್ಪುವುದಿಲ್ಲ. ನಾನು ಅದನ್ನು ಬಿಗಿಯಾದ ಚಡ್ಡಿಯ ಒಳಗೆ ಸೇರಿಸಿ ಮೇಲೆ ಬಟ್ಟೆ ಸುತ್ತಿಸುತ್ತೇನೆ.

ಹುಬ್ಬಳ್ಳಿಯ ಹಳೆಯ ಆಟಗಾರರು

ನೈಲಾನಿನ ಮಾತನ್ನು ಹಿಂದೆಗೆದುಕೊಳ್ಳುತ್ತೇನೆ. ಆದರೆ ಕಂಬಕ್ಕೆ ಔಡಲ ಎಣ್ಣೆಯನ್ನು ಮೊದಲ ದಿನದಿಂದಲೇ ಹಚ್ಚಬೇಕು. ಒಣ ಕಂಬದ ಮೇಲೆ ಮಕ್ಕಳ ತೊಡೆ ತರಚಿ, ಮರುದಿನ ನೋವಿಗೆ ಹೆದರಿ ಹಿಡಿತವನ್ನೇ ಸಡಿಲಿಸುತ್ತಾರೆ.

ಲಕ್ಷ್ಮೇಶ್ವರದ ಹಿರಿಯ ತರಬೇತುದಾರರು

ತರಚುವುದು ನಿಜ. ಆದರೂ ಅಢಿ ಗಟ್ಟಿಯಾಗುವವರೆಗೆ ನಾನು ಬಟ್ಟೆಗೆ ನಾಲ್ಕು ಹನಿ ಹಾಕಿ ಒರೆಸುತ್ತೇನೆ, ಅಷ್ಟೇ. ಬುಡದ ಮ್ಯಾಟಿಗೆ ಇಳಿದ ಎಣ್ಣೆಯ ಮೇಲೆ ಆಸರೆಯವರೇ ಜಾರಿದ್ದನ್ನು ಕಂಡಿದ್ದೇನೆ. ಈ ವಿಷಯದಲ್ಲಿ ನಾವಿಬ್ಬರೂ ಒಪ್ಪುವುದಿಲ್ಲವೆಂದು ಕಾಣುತ್ತದೆ.

ಕೇಳಿದವರು

ಎಲ್ಲರಿಗೂ ನಮಸ್ಕಾರ. ಮಲಗಿ ಅಢಿ ಹಾಕಿಸಲು ಹೋದರೆ ಚಿಕ್ಕ ಮಕ್ಕಳ ತೊಡೆಗೆ ಬುಡ ನಿಲುಕುತ್ತಿಲ್ಲ, ಅಷ್ಟು ದಪ್ಪವಿದೆ. ಮೇಲೆ ಸಣ್ಣಗಿರುವಲ್ಲಿ ಹಾಕಿಸಬಹುದೇ?

ಲಕ್ಷ್ಮೇಶ್ವರದ ಹಿರಿಯ ತರಬೇತುದಾರರು

ಬೇಡ. ಕಂಬ ಬುಡದಿಂದ ತುದಿಗೆ ಸಣ್ಣಗಾಗುತ್ತ ಹೋಗುವುದರಿಂದ ಹಿಡಿತ ಮೇಲೆಯೇ ಸುಲಭ, ಮಕ್ಕಳು ಎತ್ತರಕ್ಕೆ ಹೋಗಲು ಆಸೆಪಡುವುದೂ ಅದಕ್ಕೇ. ಹತ್ತು ವರ್ಷದೊಳಗಿನವರಿಗೆ ಬೇರೊಂದು ತೆಳುವಾದ ಕಂಬವನ್ನು ಬಡಗಿಯಿಂದ ಕೆತ್ತಿಸಿರಿ. ಅದು ಸಿಗುವವರೆಗೆ ಅವರು ಹಗ್ಗ ಕಲಿಯಲಿ.

ಕೇಳಿದವರು

ಇಂದು ಸಂಜೆ ಮೂವರು ಸೇರಿ ಕಂಬ ದೂಡಿ ನೋಡಿದೆವು. ಬುಡದಲ್ಲಿ ಐದು ರೂಪಾಯಿ ನಾಣ್ಯ ಇಳಿಯುವಷ್ಟು ಸಂದು ತೆರೆದುಕೊಂಡಿತು. ಗರಸು ಮತ್ತು ಕಾಂಕ್ರೀಟಿಗೆ ಊರವರ ಜೊತೆ ಮಾತನಾಡಿದ್ದೇನೆ. ಅಲ್ಲಿಯವರೆಗೆ ಮಕ್ಕಳು ಎರಡು ಹಳೆಯ ಮ್ಯಾಟುಗಳ ಮೇಲೆ ಉರುಳುತ್ತಾರೆ. ಮ್ಯಾಟಿನ ಅರ್ಧಚಂದ್ರವನ್ನು ಕತ್ತರಿಸಿದ ಮೇಲೆ ಅದರ ಬಾಯಿಯನ್ನು ಯಾವುದರಿಂದ ಹೊಲಿಸಿದಿರಿ, ಅಕ್ಕೋರೇ?

ಗದಗಿನ ಶಾಲಾ ಶಿಕ್ಷಕಿ

ತಾಡಪತ್ರಿ ಹೊಲಿಯುವವರ ಹತ್ತಿರ, ಅದೇ ಬಟ್ಟೆಯ ಪಟ್ಟಿ ಹಚ್ಚಿ ಹೊಲಿಸಿದೆ. ಕತ್ತರಿಸುವ ಮೊದಲು ಬುಡಕ್ಕೆ ಹಳೆಯ ಪೇಪರು ಸುತ್ತಿ ಅಳತೆ ತೆಗೆಯಿರಿ, ಆದರೆ ಕಾಂಕ್ರೀಟು ಒಣಗಿದ ಮೇಲೆ.