ಕೂಲೆಂಟ್ ಲೈಟ್ ಹತ್ತುತ್ತದೆ, ನೆಲದಲ್ಲಿ ಕೂಲೆಂಟಿನ ಒಂದು ಹನಿಯೂ ಇಲ್ಲ

ಕುಂಜಿಬೆಟ್ಟು: ಡೀಸೆಲ್ ಕಾರು, 85,000 ಕಿ.ಮೀ. ಓಡಿದೆ. ಶಿರಾಡಿ ಘಾಟಿಯ ತಿರುವಿನಲ್ಲಿ ಕೂಲೆಂಟ್ ಲೆವೆಲ್ ಲೈಟ್ ಹತ್ತಿತು, ನೇರ ರಸ್ತೆಗೆ ಬಂದಾಗ ಆರಿತು. ಬೆಳಿಗ್ಗೆ ನೋಡಿದರೆ ಟ್ಯಾಂಕಿಯಲ್ಲಿ ಮಿನ್ ಗೆರೆಯ ಹತ್ತಿರ ಉಂಟು. ಮ್ಯಾಕ್ಸ್‌ವರೆಗೆ ತುಂಬಿಸಿದೆ, ಕೆಲವು ವಾರದಲ್ಲಿ ಮತ್ತೆ ಅದೇ ಕಥೆ. ಟೆಂಪರೇಚರ್ ಮುಳ್ಳು ಏರುವುದಿಲ್ಲ. ಕಾರಿನಡಿ ಒದ್ದೆ ಕಾಣುತ್ತದೆ, ಆದರೆ ಅದು ಎಸಿ ನೀರೇ ಇರಬೇಕು.

ಸುರತ್ಕಲ್ ರೈಡರ್: ಕ್ಯಾಪ್ ಬದಲಿಸಿ, ಸರಿಯಾಗುತ್ತದೆ. ಆಗದಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತಲೇ ಅರ್ಥ.

ಕಾಪು: ನನ್ನದು ಪಡುಬಿದ್ರಿ ಹತ್ತಿರ ಹೋಸ್ ಒಡೆದು ಹಬೆ ಎದ್ದಿತ್ತು ಮಾರಾಯ್ರೆ! ಲೈಟ್ ಕೆಂಪಾದ ಕೂಡಲೇ ಗಾಡಿ ನಿಲ್ಲಿಸಿ.

ಬಿಜೈ ಗ್ಯಾರೇಜ್: ಕಾಪುವಿನವರೇ, ನಿಮ್ಮದು ಬಿಸಿಯ ಲೈಟ್, ಇವರದ್ದು ಮಟ್ಟದ ಲೈಟ್. ಮಟ್ಟ ಅಂಚಿನಲ್ಲಿದ್ದಾಗ ತಿರುವಿನಲ್ಲಿ ದ್ರವ ವಾಲುತ್ತದೆ, ಫ್ಲೋಟ್ ಇಳಿದು ಲೈಟ್ ಹತ್ತುತ್ತದೆ. ಕ್ಯಾಪ್ ಸೋರಿದರೆ ಅದರ ಸುತ್ತ ಒಣಗಿದ ಕಲೆ ಇರುತ್ತದೆ, ಮೊದಲು ಅದನ್ನು ನೋಡಿ. ಎಸಿ ನೀರಿಗೆ ಬಣ್ಣ ಇಲ್ಲ, ಬೆರಳಿಗೆ ಜಾರುವುದೂ ಇಲ್ಲ.

ನಿಧಾನ ಸೋರಿಕೆ ಹಲವು ಸಲ ನೆಲಕ್ಕೆ ಬೀಳುವುದೇ ಇಲ್ಲ, ಬಿಸಿ ಎಂಜಿನ್ ಮೇಲೆ ಆರಿಹೋಗುತ್ತದೆ. ಆದ್ದರಿಂದ ಎಂಜಿನ್ ಪೂರ್ತಿ ತಣ್ಣಗಿರುವಾಗ ಪ್ರೆಶರ್ ಟೆಸ್ಟರ್ ಹಾಕಿಸಿ. ಕ್ಯಾಪ್ ಮೇಲೆ ಬರೆದ ಅಂಕಿಯಷ್ಟೇ ಒತ್ತಡ ಕೊಟ್ಟು, ಹದಿನೈದು ನಿಮಿಷ ಬಿಟ್ಟು, ಟಾರ್ಚ್ ಹಿಡಿದು ಹುಡುಕಿ. ಹೋಸಿನ ತುದಿ, ಕ್ಲಿಪ್ ಕೆಳಗೆ ಮೊದಲು. ಬಳಿಕ ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕಿ ಅಲ್ಯೂಮಿನಿಯಂಗೆ ಮಡಚಿ ಕೂತ ಬದಿ. ಕೊನೆಗೆ ವಾಟರ್ ಪಂಪ್. ಅದರ ಶಾಫ್ಟ್ ಕೆಳಗೆ ಒಂದು ಸಣ್ಣ ತೂತು ಉಂಟು. ಒಳಗಿನ ಸೀಲ್ ಸವೆದಾಗ ನೀರು ಬೇರಿಂಗಿಗೆ ಹೋಗದಂತೆ ಅಲ್ಲಿಂದ ಹೊರಬೀಳುತ್ತದೆ. ಫೋನ್ ಕ್ಯಾಮೆರಾ ಕೆಳಗಿಂದ ತೂರಿಸಿ ನೋಡಿ, ಗುಲಾಬಿ ಅಥವಾ ಬಿಳಿ ಹೊಟ್ಟಿನ ಗೆರೆ ಇದ್ದರೆ ಕಳ್ಳ ಸಿಕ್ಕ.

ಕುಂಜಿಬೆಟ್ಟು: ಮಾಡಿಸಿದೆ. 1.1 ಬಾರ್ ಕೊಟ್ಟದ್ದು 0.9ಕ್ಕೆ ಇಳಿಯಿತು. ಹೋಸ್, ರೇಡಿಯೇಟರ್ ಒಣ. ಪಂಪ್ ಕೆಳಗೆ ಗುಲಾಬಿ ಗೆರೆ ಉಂಟು, ಮುಟ್ಟಿದರೆ ಪುಡಿ ಉದುರುತ್ತದೆ. ಸದ್ಯಕ್ಕೆ ಬಾವಿ ನೀರು ತುಂಬಿಸಿ ಓಡಿಸಬಹುದಾ?

ಬಿಜೈ ಗ್ಯಾರೇಜ್: ಬಾವಿ ನೀರು ಬೇಡ, ಅದರ ಉಪ್ಪು ಅಲ್ಯೂಮಿನಿಯಂ ತಿನ್ನುತ್ತದೆ. ಕೈಪಿಡಿಯಲ್ಲಿ ಹೇಳಿದ ಜಾತಿಯ ಕೂಲೆಂಟಿಗೆ ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ಬೆರೆಸಿ, ತಣ್ಣಗಿರುವಾಗ ಮಾತ್ರ ಕ್ಯಾಪ್ ತೆಗೆಯಿರಿ. ಊರೊಳಗೆ ದಿನವೂ ಮಟ್ಟ ನೋಡಿಕೊಂಡು ಓಡಿಸಿ, ಘಾಟಿ ಬೇಡ. ಪಂಪಿನಿಂದ ಗರಗರ ಶಬ್ದ ಬಂದರೆ ಅಲ್ಲಿಗೇ ನಿಲ್ಲಿಸಿ. ನಿಮ್ಮ ಎಂಜಿನ್ನಿನಲ್ಲಿ ಪಂಪನ್ನು ಟೈಮಿಂಗ್ ಬೆಲ್ಟ್ ತಿರುಗಿಸುವುದಾದರೆ, ಬೆಲ್ಟೂ ಟೆನ್ಷನರೂ ಒಟ್ಟಿಗೇ ಬದಲಿಸಿ. ಬಿಚ್ಚುವ ಕೂಲಿ ಎರಡು ಸಲ ಕೊಡುವುದು ತಪ್ಪುತ್ತದೆ.

ಸುರತ್ಕಲ್ ರೈಡರ್: ಹಾಗಾದರೆ ಗ್ಯಾಸ್ಕೆಟ್ ಖಂಡಿತ ಅಲ್ಲವಾ?

ಬಿಜೈ ಗ್ಯಾರೇಜ್: ಈಗಲೇ ಹೇಳಲಾಗದು. ಪಂಪ್ ಹಾಕಿದ ಮೇಲೆ ಅದೇ ಟೆಸ್ಟ್ ಮತ್ತೊಮ್ಮೆ ಮಾಡಿಸಿ. ಆಗಲೂ ಟೆಸ್ಟರಿನ ಮುಳ್ಳು ಇಳಿದು, ಹೊರಗೆಲ್ಲ ಒಣಗಿದ್ದರೆ ಡ್ಯಾಶ್‌ಬೋರ್ಡ್ ಕೆಳಗಿನ ಕಾರ್ಪೆಟ್ ಒತ್ತಿ ನೋಡಿ, ಹೀಟರ್ ಸೋರಿದರೆ ಅಲ್ಲಿ ಜಿಗುಟು ಇರುತ್ತದೆ. ಅದೂ ಇಲ್ಲದಿದ್ದರೆ ಗ್ಯಾಸ್ಕೆಟಿನ ಮಾತು.