ಫೋಟೊದಲ್ಲಿ ಕೂರಿಸಿದ ಬುಟ್ಟಾ ವಿನ್ಯಾಸ ಕುರ್ತಾದ ಮೇಲೆ ಸಪಾಟಾಗಿ ಕಾಣುತ್ತಿದೆ

ಹೊಲಿಗೆಮನೆ:
ಬಟ್ಟೆ ಕತ್ತರಿಸುವ ಮೊದಲೇ, ಗ್ರಾಹಕರು ಸಾದಾ ಕುರ್ತಾ ತೊಟ್ಟು ನಿಂತ ಫೋಟೊದ ಮೇಲೆ ಅವರು ಆರಿಸಿದ ವಿನ್ಯಾಸವನ್ನು ಕೂರಿಸಿ ತೋರಿಸುತ್ತೇವೆ. ಈ ಬಾರಿಯ ಬಟ್ಟೆಯಲ್ಲಿ ಅಡ್ಡಕ್ಕೆ 3 ಇಂಚಿಗೊಂದು ಬುಟ್ಟಾ ಇದೆ. ಜಿಂಪ್‌ನಲ್ಲಿ ನಾಲ್ಕು ಮೂಲೆಗಳನ್ನು ಎಳೆದು ಪರ್ಸ್ಪೆಕ್ಟಿವ್ ಸರಿಪಡಿಸಿದರೂ ಎದೆಗೆ ಕಾಗದ ಅಂಟಿಸಿದಂತೆ ಕಾಣುತ್ತದೆ. ಹೊಲಿದ ಮೇಲೆ ನೋಡಿದರೆ ಮುಂಭಾಗದಲ್ಲಿ ಚಿತ್ರದಲ್ಲಿದ್ದುದಕ್ಕಿಂತ ಹೆಚ್ಚು ಬುಟ್ಟಾಗಳಿರುತ್ತವೆ. ಎಲ್ಲಿ ತಪ್ಪುತ್ತಿದೆ?

ಬಣ್ಣದಪೆಟ್ಟಿಗೆ:
ನೆರಳು ಸೇರಿಸದಿರುವುದೇ ಕಾರಣ. ವಿನ್ಯಾಸದ ಪದರವನ್ನು `Multiply` ಮಾಡಿದರೆ ಕೆಳಗಿನ ಕುರ್ತಾದ ಮಡಿಕೆಗಳು ಮೇಲೆ ಕಾಣಿಸಿಕೊಳ್ಳುತ್ತವೆ, ಸಮಸ್ಯೆ ಮುಗಿಯುತ್ತದೆ.

ಅಳತೆಪಟ್ಟಿ:
ನೆರಳು ಬೇಕೇ ಬೇಕು, ಆದರೆ ಬುಟ್ಟಾಗಳ ಎಣಿಕೆ ಅದರಿಂದ ಸರಿಯಾಗದು. ನಾಲ್ಕು ಮೂಲೆಗಳ ವಿಧಾನ ಗೋಡೆ, ಮೇಜಿನಂಥ ಚಪ್ಪಟೆ ಮೇಲ್ಮೈಗೆ ಹೊಂದುತ್ತದೆ. ಮೈ ದುಂಡಗಿರುವುದರಿಂದ ಬಟ್ಟೆ ಪಕ್ಕಕ್ಕೆ ಹೊರಳಿದಂತೆಲ್ಲ ಬುಟ್ಟಾಗಳ ನಡುವಿನ ಅಂತರ ಕಿರಿದಾಗಿ ಕಾಣಬೇಕು.

ಮೊದಲು ಅಳತೆ ಹಿಡಿಯಿರಿ. ಗ್ರಾಹಕರ ಭುಜದ ಅಗಲ 14 ಇಂಚಿದ್ದು ಫೋಟೊದಲ್ಲಿ ಅದು 420 ಪಿಕ್ಸೆಲ್ ಬಂದಿದ್ದರೆ, ಒಂದು ಇಂಚಿಗೆ 30 ಪಿಕ್ಸೆಲ್, ಅಂದರೆ ಬುಟ್ಟಾದಿಂದ ಬುಟ್ಟಾಕ್ಕೆ 90 ಪಿಕ್ಸೆಲ್. ಕುರ್ತಾದ ಎದೆಸುತ್ತಳತೆ 36 ಇಂಚು ಎಂದಿಟ್ಟುಕೊಂಡರೆ ಮುಂಭಾಗದಲ್ಲಿ 18 ಇಂಚು ಬಟ್ಟೆ ಇರುತ್ತದೆ. ಮೈಯನ್ನು ದುಂಡು ಕಂಬದಂತೆ ಭಾವಿಸಿದರೆ ಅಷ್ಟೂ ಬಟ್ಟೆ ಕಣ್ಣಿಗೆ ಸುಮಾರು ಹನ್ನೊಂದೂವರೆ ಇಂಚಿನ ಅಗಲದಲ್ಲೇ ಕಾಣುತ್ತದೆ. ನೀವು ಬಟ್ಟೆಯನ್ನು ಸಪಾಟಾಗಿ ಇಟ್ಟಾಗ ಆರು ಅಂತರಗಳ ಜಾಗದಲ್ಲಿ ನಾಲ್ಕು ಕೂಡ ಹಿಡಿಯದಿರುವುದು ಇದರಿಂದಲೇ. ನಡುವಿನಿಂದ ಪಕ್ಕಕ್ಕೆ ಹೋಗುವಾಗ 90 ಪಿಕ್ಸೆಲ್‌ನ ಮೂರು ಪಟ್ಟಿಗಳನ್ನು ಕ್ರಮವಾಗಿ 86, 63, 23 ಪಿಕ್ಸೆಲ್‌ಗೆ ಕುಗ್ಗಿಸಿ, ಆಮೇಲೆ ಮೂಲೆಗಳನ್ನು ಎಳೆಯಿರಿ. ನಿಜವಾದ ಮೈ ಮುಂದೆ ಕೊಂಚ ಚಪ್ಪಟೆ ಇರುವುದರಿಂದ ನಡುವಿನ ಭಾಗವನ್ನು ಇನ್ನೂ ಕಡಿಮೆ ಕುಗ್ಗಿಸಿದರೂ ನಡೆಯುತ್ತದೆ. ಪಕ್ಕದ ಹೊಲಿಗೆಯ ಹತ್ತಿರದ ಕುಗ್ಗುವಿಕೆಯನ್ನು ಮಾತ್ರ ಬಿಡಬೇಡಿ.

ತೋಳನ್ನು ಬೇರೆ ಪದರದಲ್ಲಿಡಿ. ಅದರ ವಿನ್ಯಾಸ ತೋಳಿನ ಉದ್ದಕ್ಕೆ ತಿರುಗಬೇಕು, ಎದೆಯ ಸಾಲನ್ನೇ ಮುಂದುವರಿಸಿದರೆ ತೋಳು ಬೇರೆಯದೆಂದೇ ತಿಳಿಯುವುದಿಲ್ಲ.

ಕಾಜಾಗುಂಡಿ:
ಬ್ಲೌಸ್ ಹೊಲಿಯುವಾಗ ನಮಗೂ ಪಕ್ಕದಲ್ಲಿ ಬುಟ್ಟಾ ಕೂಡುವುದಿಲ್ಲ. ಅರ್ಧ ಮೀಟರ್ ಬಟ್ಟೆ ಹೆಚ್ಚು ತೆಗೆದುಕೊಂಡು, ಡಾರ್ಟ್ ಗುರುತು ಹಾಕಿದ ಮೇಲೆ ಸಾಲು ಹೊಂದಿಸಿ ಕತ್ತರಿಸಿ.

ಅಳತೆಪಟ್ಟಿ:
ಅದು ಕತ್ತರಿಸುವ ಮೇಜಿನ ಮಾತು. ಇಲ್ಲಿ ಕೇಳಿರುವುದು ಫೋಟೊದ ವಿಷಯ. ಆದರೂ ಡಾರ್ಟ್ ಎಂದದ್ದು ಉಪಯೋಗಕ್ಕೆ ಬಂತು. ಡಾರ್ಟ್ ಇರುವ ಕಡೆ ಬುಟ್ಟಾ ತುಂಡಾಗುತ್ತದೆ, ಅದನ್ನು ಚಿತ್ರದಲ್ಲಿಯೂ ತುಂಡಾಗಿಯೇ ತೋರಿಸಿದರೆ ಗ್ರಾಹಕರಿಗೆ ಆಮೇಲೆ ನಿರಾಸೆಯಾಗುವುದಿಲ್ಲ.

ಹೊಲಿಗೆಮನೆ:
ಪಟ್ಟಿಗಳನ್ನು ಕುಗ್ಗಿಸಿದ ಮೇಲೆ ಎಣಿಕೆ ಹೊಲಿದ ಕುರ್ತಾಕ್ಕೆ ಹೊಂದಿತು, ತೋಳೂ ಸರಿಯಾಯಿತು. ಆದರೆ ಇನ್ನೊಬ್ಬರು ಕಡು ಮೆರೂನ್ ಕುರ್ತಾ ತೊಟ್ಟ ಫೋಟೊ ಕೊಟ್ಟಿದ್ದಾರೆ. ಅದರ ಮೇಲೆ `Multiply` ಮಾಡಿದರೆ ತಿಳಿ ಹಳದಿ ಬಟ್ಟೆಯೂ ಕಪ್ಪಾಗುತ್ತದೆ.

ಬಣ್ಣದಪೆಟ್ಟಿಗೆ:
ಕುರ್ತಾದ ಭಾಗವನ್ನಷ್ಟೇ ನಕಲಿಸಿ, ಬಣ್ಣ ತೆಗೆದು, `Levels`ನಲ್ಲಿ ಬಿಳಿಯ ಹತ್ತಿರಕ್ಕೆ ಏರಿಸಿ ನೋಡಿ.

ಹೊಲಿಗೆಮನೆ:
ಏರಿಸಿದೆ, ಮಡಿಕೆಗಳ ಆಳದಲ್ಲಿ ಕಾಳುಕಾಳಾಗಿ ಕಲೆಗಳೇ ಉಳಿಯುತ್ತವೆ.

ಅಳತೆಪಟ್ಟಿ:
ಆ ಫೋಟೊದಲ್ಲಿ ಮಡಿಕೆಯ ವಿವರ ದಾಖಲಾಗಿಯೇ ಇಲ್ಲ. ಸಾಧ್ಯವಾದರೆ ಬಿಳಿ ಕುರ್ತಾ ತೊಡಿಸಿ, ಎದೆಯ ಎತ್ತರದಲ್ಲಿ ಕ್ಯಾಮೆರಾ ಹಿಡಿದು, ದೂರ ನಿಂತು ಇನ್ನೊಂದು ಫೋಟೊ ತೆಗೆಯಿರಿ. ಅದೇ ಫೋಟೊ ಬೇಕೆಂದರೆ ನೆರಳನ್ನು ಕೈಯಿಂದ ಬಿಡಿಸುವುದರ ಹೊರತು ನನಗೆ ಬೇರೆ ದಾರಿ ಕಾಣುತ್ತಿಲ್ಲ. ಯಾರಾದರೂ ಮಾಡಿದ್ದರೆ ತಿಳಿಸಿ.